ವೀಲ್ ತಿರುಗುತ್ತದೆ, ಬಲ ಬರುತ್ತಿಲ್ಲ: ಕನ್ಸೋಲ್‌ಗೆ ರೇಸಿಂಗ್ ವೀಲ್ ಜೋಡಿಸುವವರು ನೋಡಬೇಕಾದದ್ದು

ಹೊಸದಾಗಿ ರೇಸಿಂಗ್ ವೀಲ್ ಮತ್ತು ಪೆಡಲ್ ತಂದವರನ್ನು ಕಾಡುವ ತೊಂದರೆಗಳಲ್ಲಿ ಒಂದು ತೀರ ವಿಚಿತ್ರವಾಗಿ ಕಾಣುತ್ತದೆ. ವೀಲ್ ಎಡಕ್ಕೆ ತಿರುಗಿಸಿದರೆ ಟಿವಿಯಲ್ಲಿರುವ ಕಾರು ಎಡಕ್ಕೆ ಹೋಗುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ಬಟನ್‌ಗಳೂ ಕೆಲಸ ಮಾಡುತ್ತವೆ. ಆದರೆ ಕೈಗೆ ಏನೂ ತಿಳಿಯುವುದಿಲ್ಲ. ತಿರುವಿನಲ್ಲಿ ಟೈರು ಜಾರಿದರೂ, ರಸ್ತೆಯಂಚಿನ ಕೆಂಪು ಬಿಳಿ ಪಟ್ಟಿಯ ಮೇಲೆ ಚಕ್ರ ಹತ್ತಿದರೂ ವೀಲ್ ಸಡಿಲವಾಗಿ ಸುಮ್ಮನಿರುತ್ತದೆ. ಇಷ್ಟು ಹಣ ಕೊಟ್ಟದ್ದು ಯಾವುದಕ್ಕೋ ಅದೇ ಇಲ್ಲ. ಮೋಟಾರು ಸುಟ್ಟಿದೆ ಎಂದು ತೀರ್ಮಾನಿಸಿ ಪೆಟ್ಟಿಗೆ ಕಟ್ಟಿ ಹಿಂದಿರುಗಿಸುವವರೂ ಇದ್ದಾರೆ.

ಎಷ್ಟೋ ಸಲ ಮೋಟಾರು ಸರಿಯಾಗಿಯೇ ಇರುತ್ತದೆ. ವೀಲ್‌ನಲ್ಲಿ ಬಲ ಹುಟ್ಟಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಆ ವೀಲನ್ನು ಕನ್ಸೋಲ್ ಒಪ್ಪಿಕೊಳ್ಳಬೇಕು. ಮೋಟಾರಿಗೆ ಬೇಕಾದಷ್ಟು ವಿದ್ಯುತ್ತು ಸಿಗಬೇಕು. ಎಷ್ಟು ಬಲ ಕೊಡಬೇಕೆಂದು ಆಟವು ವೀಲ್‌ಗೆ ಹೇಳಬೇಕು. ಮೂರರಲ್ಲಿ ಯಾವುದು ತಪ್ಪಿದರೂ ಆಡುವವನಿಗೆ ಕಾಣುವ ಫಲ ಒಂದೇ, ಸಡಿಲ ವೀಲ್. ಆದ್ದರಿಂದಲೇ ಇದರ ಕಾರಣ ಹುಡುಕುವುದು ಕಷ್ಟವೆನಿಸುತ್ತದೆ. ಆದರೆ ಮೂರನ್ನೂ ಒಂದೊಂದಾಗಿ ಬೇರೆ ಮಾಡಿ ನೋಡುವ ದಾರಿ ಇದೆ, ಅದರ ಹೆಚ್ಚಿನ ಭಾಗಕ್ಕೆ ಯಾವ ಉಪಕರಣವೂ ಬೇಡ.

ಹಲವರ ಮನೆಯಲ್ಲಿ ಸಿಗುವ ಲಾಜಿಟೆಕ್ ಜಿ29 ವೀಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 2015ರಲ್ಲಿ ಬಂದ ಈ ವೀಲ್ ಪ್ಲೇಸ್ಟೇಷನ್‌ಗಳಿಗೂ ಕಂಪ್ಯೂಟರಿಗೂ ಆಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಒಳಗೆ ಎರಡು ಮೋಟಾರುಗಳು, ಅವುಗಳ ಬಲವನ್ನು ವೀಲ್‌ನ ದಂಡಕ್ಕೆ ಮುಟ್ಟಿಸುವ ಹಲ್ಲುಚಕ್ರಗಳು. ಕಾಲಡಿಯಲ್ಲಿ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಎಂದು ಮೂರು ಪೆಡಲ್.

ಕೈಗೆ ಬರುವ ಬಲ ಎಲ್ಲಿಂದ ಬರುತ್ತದೆ

ಫೋರ್ಸ್ ಫೀಡ್‌ಬ್ಯಾಕ್ ಮತ್ತು ಗೇಮ್‌ಪ್ಯಾಡಿನ ನಡುಕ ಒಂದೇ ಅಲ್ಲ. ಗೇಮ್‌ಪ್ಯಾಡಿನಲ್ಲಿ ಪುಟ್ಟ ಮೋಟಾರೊಂದು ಅದುರಿ ಏನೋ ತಗುಲಿತು ಎಂದು ತಿಳಿಸುತ್ತದೆ, ಅಷ್ಟೆ. ವೀಲ್‌ನಲ್ಲಿ ಮೋಟಾರು ನೇರವಾಗಿ ಸ್ಟೇರಿಂಗನ್ನೇ ತಿರುಗಿಸಲು ಯತ್ನಿಸುತ್ತದೆ. ಮುಂದಿನ ಟೈರುಗಳ ಮೇಲೆ ಆ ಕ್ಷಣ ಎಷ್ಟು ಭಾರವಿದೆ, ಅವು ಎಷ್ಟು ಓರೆಯಾಗಿ ರಸ್ತೆಗೆ ಉಜ್ಜುತ್ತಿವೆ ಎಂದು ಆಟವು ಲೆಕ್ಕ ಹಾಕಿ, ಅದರಿಂದ ಸ್ಟೇರಿಂಗ್‌ಗೆ ಬರಬೇಕಾದ ತಿರುಚು ಬಲವನ್ನು ಕಂಡುಕೊಂಡು, ಆ ಸಂಖ್ಯೆಯನ್ನು ಬಿಡುವಿಲ್ಲದೆ ವೀಲ್‌ಗೆ ಕಳಿಸುತ್ತಿರುತ್ತದೆ. ವೀಲ್‌ನೊಳಗಿನ ಸರ್ಕ್ಯೂಟ್ ಆ ಸಂಖ್ಯೆಗೆ ತಕ್ಕ ಕರೆಂಟನ್ನು ಮೋಟಾರಿಗೆ ಹರಿಸುತ್ತದೆ. ಇತ್ತ ವೀಲ್ ಈಗ ಯಾವ ಕೋನದಲ್ಲಿದೆ, ಪೆಡಲ್ ಎಷ್ಟು ಒತ್ತಿದೆ ಎಂಬ ಮಾಹಿತಿ ಅದೇ ತಂತಿಯಲ್ಲಿ ಹಿಂದಕ್ಕೆ ಹೋಗುತ್ತದೆ.

ಇದು ಎರಡು ದಿಕ್ಕಿನ ಸಂಚಾರ. ಹೋಗುವ ದಾರಿ ಸರಿಯಿದ್ದು ಬರುವ ದಾರಿ ಮಾತ್ರ ಕಡಿದಿರಲು ಸಾಧ್ಯ. ಕಾರು ತಿರುಗುತ್ತಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಾಗುವುದಿಲ್ಲ. ಬಲ ಬರುತ್ತಿಲ್ಲ ಎಂದ ಮಾತ್ರಕ್ಕೆ ವೀಲ್ ಕೆಟ್ಟಿದೆ ಎಂದೂ ಆಗುವುದಿಲ್ಲ.

ಮೊದಲ ಬಾಗಿಲು: ಕನ್ಸೋಲ್ ಒಪ್ಪಿಕೊಳ್ಳುತ್ತದೆಯೇ?

ಕಂಪ್ಯೂಟರಿಗೆ ಯಾವ ವೀಲ್ ಸಿಕ್ಕಿಸಿದರೂ ಡ್ರೈವರ್ ಇದ್ದರೆ ಸಾಕು, ನಡೆಯುತ್ತದೆ. ಕನ್ಸೋಲ್‌ಗಳಲ್ಲಿ ಹಾಗಿಲ್ಲ. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಎರಡೂ ತಮ್ಮ ಪರವಾನಗಿ ಪಡೆದ ಉಪಕರಣಗಳನ್ನಷ್ಟೇ ಒಪ್ಪುತ್ತವೆ. ಪರವಾನಗಿ ಇರುವ ವೀಲ್‌ನೊಳಗೆ ಒಂದು ಭದ್ರತಾ ಚಿಪ್ ಇರುತ್ತದೆ. ಸಿಕ್ಕಿಸಿದಾಗ ಕನ್ಸೋಲ್ ಕೇಳುವ ಗುಪ್ತ ಪ್ರಶ್ನೆಗೆ ಆ ಚಿಪ್ ಸರಿಯುತ್ತರ ಕೊಟ್ಟರೆ ಮಾತ್ರ ಮುಂದಿನ ವ್ಯವಹಾರ. ಪ್ಲಗ್ ಸರಿಯಾಗಿ ಕೂರುತ್ತದೆ, ದೀಪ ಹೊತ್ತುತ್ತದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ.

ಜಿ29 ಮತ್ತು ಅದರ ಸೋದರ ಜಿ920 ಇದಕ್ಕೆ ಒಳ್ಳೆಯ ನಿದರ್ಶನ. ಯಂತ್ರಭಾಗ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ; ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಕನ್ಸೋಲ್ ತಿರುಗಿಯೂ ನೋಡುವುದಿಲ್ಲ. 2020ರಲ್ಲಿ ಬಂದ ಜಿ923 ಒಂದೇ ಹೆಸರಿನಲ್ಲಿ ಎರಡು ಬಗೆಯಾಗಿ ಮಾರಾಟವಾಗುತ್ತದೆ, ಒಂದು ಪ್ಲೇಸ್ಟೇಷನ್‌ಗೆ, ಒಂದು ಎಕ್ಸ್‌ಬಾಕ್ಸ್‌ಗೆ. ಹೆಸರಷ್ಟೇ ನೋಡಿ ಆನ್‌ಲೈನಿನಲ್ಲಿ ಕೊಳ್ಳುವವರು ಎಡವುವುದು ಇಲ್ಲೇ. ಥ್ರಸ್ಟ್‌ಮಾಸ್ಟರ್‌ನ ಟಿ248 ಕೂಡ ಹೀಗೆಯೇ ಎರಡು ರೂಪದಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲೆ ಯಾವ ಕನ್ಸೋಲಿನ ಗುರುತಿದೆ ಎಂಬುದನ್ನು ನೋಡಬೇಕು, ಹಳೆಯ ವೀಲ್ ಕೊಳ್ಳುವುದಾದರೆ ಅದರ ಮೇಲಿರುವ ಬಟನ್‌ಗಳನ್ನು ನೋಡಬೇಕು. ತ್ರಿಕೋನ, ವೃತ್ತ, ಕತ್ತರಿ, ಚೌಕ ಇದ್ದರೆ ಪ್ಲೇಸ್ಟೇಷನ್; ಎ, ಬಿ, ಎಕ್ಸ್, ವೈ ಇದ್ದರೆ ಎಕ್ಸ್‌ಬಾಕ್ಸ್.

ಫನಾಟೆಕ್ ಕಂಪನಿಯ ವೀಲ್‌ಗಳಲ್ಲಿ ಮೋಟಾರಿರುವ ಬುಡ ಬೇರೆ, ಕೈಯಲ್ಲಿ ಹಿಡಿಯುವ ವೀಲ್ ಬೇರೆ, ಎರಡನ್ನೂ ಪ್ರತ್ಯೇಕವಾಗಿ ಕೊಳ್ಳಬಹುದು. ಅಲ್ಲಿ ಪ್ಲೇಸ್ಟೇಷನ್ ಅನುಮತಿ ಇರುವುದು ಬುಡದಲ್ಲಿ, ಎಕ್ಸ್‌ಬಾಕ್ಸ್ ಅನುಮತಿ ಇರುವುದು ಕೈವೀಲ್‌ನಲ್ಲಿ. ಎಕ್ಸ್‌ಬಾಕ್ಸ್ ಇರುವವರು ಬುಡ ಸರಿಯಾದದ್ದನ್ನೇ ತಂದು, ಚೆಂದ ಕಂಡಿತೆಂದು ಅನುಮತಿಯಿಲ್ಲದ ಕೈವೀಲ್ ಹಾಕಿದರೆ ಇಡೀ ಜೋಡಿ ನಿಷ್ಪ್ರಯೋಜಕವಾಗುತ್ತದೆ.

ಹಳೆಯ ವೀಲ್‌ಗಳ ವಿಷಯಕ್ಕೆ ಬಂದರೆ ಗೆರೆ ಸ್ಪಷ್ಟವಾಗಿದೆ. ಪಿಎಸ್3 ಕಾಲದ ಜಿ25, ಜಿ27 ಇಂದಿಗೂ ಗಟ್ಟಿಮುಟ್ಟಾಗಿ ಓಡುತ್ತವೆ, ಆದರೆ ಪಿಎಸ್4ರಲ್ಲಾಗಲಿ ಪಿಎಸ್5ರಲ್ಲಾಗಲಿ ನೇರವಾಗಿ ನಡೆಯವು. ಆ ಚಿಪ್ ಅವುಗಳಲ್ಲಿಲ್ಲ. ಪಿಎಸ್4ಕ್ಕೆಂದು ಪರವಾನಗಿ ಪಡೆದವಕ್ಕೆ ಮಾತ್ರ ಮುಂದೆಯೂ ಬಾಗಿಲು ತೆರೆದಿದೆ. ಪಿಎಸ್5 ಬರುವ ಮುನ್ನ, 2020ರ ಆಗಸ್ಟ್‌ನಲ್ಲಿ, ಪಿಎಸ್4ರ ಅಧಿಕೃತ ರೇಸಿಂಗ್ ವೀಲ್‌ಗಳು ಪಿಎಸ್5 ಆಟಗಳಲ್ಲೂ ನಡೆಯುತ್ತವೆ ಎಂದು ಸೋನಿ ತಿಳಿಸಿತ್ತು. ಪಿಎಸ್4ರ ಗೇಮ್‌ಪ್ಯಾಡಿಗೆ ಆ ಭಾಗ್ಯ ಸಿಗಲಿಲ್ಲ, ಅದು ಪಿಎಸ್5ರಲ್ಲಿ ಹಳೆಯ ಆಟಗಳಿಗಷ್ಟೇ. ಎಕ್ಸ್‌ಬಾಕ್ಸ್ ಒನ್‌ಗೆ ಪರವಾನಗಿ ಪಡೆದ ವೀಲ್‌ಗಳೂ ಹೊಸ ಸೀರೀಸ್ ಎಕ್ಸ್, ಸೀರೀಸ್ ಎಸ್‌ಗಳಲ್ಲಿ ನಡೆಯುತ್ತವೆ.

ಅನುಮತಿಯಿಲ್ಲದ ವೀಲನ್ನು ದಾಟಿಸುವ ಅಡಾಪ್ಟರುಗಳೂ ಮಾರುಕಟ್ಟೆಯಲ್ಲಿವೆ. ಡ್ರೈವ್‌ಹಬ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಅದಕ್ಕೆ ವೀಲ್ ಜೊತೆಗೆ ಅಧಿಕೃತ ಗೇಮ್‌ಪ್ಯಾಡನ್ನೂ ಸಿಕ್ಕಿಸಬೇಕು. ಕನ್ಸೋಲ್ ಕೇಳುವ ಪ್ರಶ್ನೆಗೆ ಗೇಮ್‌ಪ್ಯಾಡ್ ಉತ್ತರಿಸುತ್ತದೆ, ಆಡುವುದು ಮಾತ್ರ ವೀಲ್. ಇದರ ಮಿತಿಯನ್ನು ತಿಳಿದೇ ಹಣ ಹಾಕಬೇಕು. ಕನ್ಸೋಲಿನ ಒಂದು ಅಪ್‌ಡೇಟ್ ಬಂದರೆ ನಿನ್ನೆ ನಡೆದದ್ದು ಇಂದು ನಿಲ್ಲಬಹುದು. 2023ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅನಧಿಕೃತ ಉಪಕರಣಗಳನ್ನು ಎಕ್ಸ್‌ಬಾಕ್ಸ್‌ನಿಂದ ಹೊರಗಿಡಲು ತೊಡಗಿದಾಗ ಅನೇಕರ ತೆರೆಯ ಮೇಲೆ 0x82d60002 ಎಂಬ ಸಂಕೇತ ಕಾಣಿಸಿಕೊಂಡಿತು. ಜೋಡಿಸಿರುವ ಉಪಕರಣಕ್ಕೆ ಅನುಮತಿಯಿಲ್ಲ ಎಂದು ಅದು ಹೇಳುತ್ತದೆ. ಆ ಸಂಕೇತ ಕಂಡವರು ಕೇಬಲ್, ಮೋಟಾರು ಪರೀಕ್ಷಿಸುತ್ತ ಕೂರುವ ಅಗತ್ಯವಿಲ್ಲ.

ಪೆಡಲ್‌ಗಳಿಗೂ ಈ ಬಾಗಿಲು ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಕಂಪನಿಯ ವೀಲನ್ನೂ ಇನ್ನೊಂದು ಕಂಪನಿಯ ಪೆಡಲನ್ನೂ ಬೇರೆ ಬೇರೆ ಯುಎಸ್‌ಬಿ ಪೋರ್ಟ್‌ಗಳಿಗೆ ಸಿಕ್ಕಿಸಿ ಆಡಬಹುದು. ಕನ್ಸೋಲಿನಲ್ಲಿ ಪೆಡಲ್ ವೀಲ್‌ನ ಬುಡಕ್ಕೇ ಜೋಡಣೆಯಾಗಿರಬೇಕು. ಪರವಾನಗಿ ಇರುವ ವೀಲ್ ತನ್ನ ಮಾಹಿತಿಯ ಜೊತೆಗೆ ಪೆಡಲ್ ಮಾಹಿತಿಯನ್ನೂ ಒಯ್ಯುತ್ತದೆ. ಜಿ29ರಲ್ಲಿ ಇದು ಒಂಬತ್ತು ಪಿನ್ನಿನ ಪ್ಲಗ್. ಹಳೆಯದನ್ನು ಕೊಳ್ಳುವಾಗ ಆ ಪಿನ್‌ಗಳಲ್ಲಿ ಯಾವುದಾದರೂ ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಫನಾಟೆಕ್ ಮತ್ತು ಥ್ರಸ್ಟ್‌ಮಾಸ್ಟರ್ ಪೆಡಲ್‌ಗಳಲ್ಲಿ ಟೆಲಿಫೋನ್ ತಂತಿಯಲ್ಲಿರುವಂಥ ಪುಟ್ಟ ಪ್ಲಗ್ ಇರುತ್ತದೆ. ಆಕಾರ ಒಂದೇ ಕಂಡರೂ ಒಳಗಿನ ತಂತಿಗಳ ಜೋಡಣೆ ಬೇರೆ ಬೇರೆ, ಆದ್ದರಿಂದ ಒಂದರ ಪೆಡಲನ್ನು ಇನ್ನೊಂದಕ್ಕೆ ತುರುಕಬಾರದು.

ಎರಡನೆಯದು: ಮೋಟಾರಿನ ಹಸಿವು

ಯುಎಸ್‌ಬಿ 2.0 ಪೋರ್ಟ್ ಒಂದು ಉಪಕರಣಕ್ಕೆ ಸಾಮಾನ್ಯವಾಗಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವ್ಯಾಟ್. ಬಟನ್ ಓದಲು, ವೀಲ್‌ನ ಕೋನ ಅಳೆಯಲು, ಕನ್ಸೋಲ್ ಜೊತೆ ಮಾತಾಡಲು ಇದು ಧಾರಾಳ. ಎರಡು ಕೈಗಳು ಬಿಗಿಯಾಗಿ ಹಿಡಿದ ವೀಲನ್ನು ತಿರುಚಲು ಇದು ಏನೇನೂ ಸಾಲದು. ಆದ್ದರಿಂದಲೇ ಬಲ ಕೊಡುವ ವೀಲ್‌ಗಳಿಗೆ ಗೋಡೆಯ ಪ್ಲಗ್ಗಿನಿಂದ ಬೇರೆಯೇ ವಿದ್ಯುತ್ತು ಬೇಕು. ಜಿ29ಕ್ಕೆ 24 ವೋಲ್ಟಿನ ಅಡಾಪ್ಟರ್ ಬರುತ್ತದೆ. ಗೋಡೆಗೆ ಸಿಕ್ಕಿಸುವ ತಂತಿಯೇ ಇಲ್ಲದ ಅಗ್ಗದ ವೀಲ್ ಯಾರಾದರೂ ಮಾರುತ್ತಿದ್ದರೆ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅದರಲ್ಲಿ ನಡುಕವಷ್ಟೇ ಇರುತ್ತದೆ ಎಂದು ತಿಳಿಯಬಹುದು.

ವಿದ್ಯುತ್ತಿಗೂ ಬಲಕ್ಕೂ ಎಷ್ಟು ನೇರ ಸಂಬಂಧವಿದೆ ಎಂಬುದನ್ನು ಫನಾಟೆಕ್‌ನ ಸಿಎಸ್‌ಎಲ್ ಡಿಡಿ ತೋರಿಸುತ್ತದೆ. ಇದರಲ್ಲಿ ಹಲ್ಲುಚಕ್ರ, ಬೆಲ್ಟ್ ಯಾವುದೂ ಇಲ್ಲ, ಮೋಟಾರಿನ ದಂಡಕ್ಕೇ ವೀಲ್ ಕೂರುತ್ತದೆ. ಜೊತೆಗೆ ಬರುವ ಅಡಾಪ್ಟರಿನಲ್ಲಿ ಅದು 5 ನ್ಯೂಟನ್ ಮೀಟರ್ ತಿರುಚು ಬಲ ಕೊಡುತ್ತದೆ. ಪ್ರತ್ಯೇಕವಾಗಿ ಸಿಗುವ 180 ವ್ಯಾಟಿನ ಅಡಾಪ್ಟರ್ ಹಾಕಿದರೆ ಅದೇ ಮೋಟಾರು 8 ನ್ಯೂಟನ್ ಮೀಟರ್ ಕೊಡುತ್ತದೆ. ಬದಲಾದದ್ದು ಅಡಾಪ್ಟರ್ ಮಾತ್ರ. ಇಷ್ಟು ಬಲದ ವೀಲ್ ಹಿಡಿಯುವಾಗ ಹೆಬ್ಬೆರಳನ್ನು ಕಡ್ಡಿಗಳ ನಡುವೆ ಸಿಕ್ಕಿಸಿಕೊಳ್ಳಬಾರದು. ಆಟದಲ್ಲಿ ಕಾರು ಗೋಡೆಗೆ ಬಡಿದಾಗ ವೀಲ್ ನಿಜವಾಗಿಯೇ ಜಾಡಿಸುತ್ತದೆ.

ಅಮೆರಿಕದಲ್ಲಿರುವ ಮಗನೋ ಅಕ್ಕನೋ ಬರುವಾಗ ವೀಲ್ ತರಿಸಿಕೊಳ್ಳುವುದು ಬೆಂಗಳೂರು, ಮೈಸೂರು, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಅಲ್ಲಿನ ಮನೆಗಳಲ್ಲಿ 120 ವೋಲ್ಟ್, ಇಲ್ಲಿ 230. ಸಿಕ್ಕಿಸುವ ಮೊದಲು ಅಡಾಪ್ಟರಿನ ಮೇಲಿನ, ಅಥವಾ ತಂತಿ ನೇರವಾಗಿ ಬುಡದೊಳಕ್ಕೆ ಹೋಗುವಂಥದ್ದಾದರೆ ಬುಡದ ಅಡಿಯಲ್ಲಿರುವ ಚೀಟಿಯನ್ನು ಓದಬೇಕು. INPUT 100-240V ಎಂದಿದ್ದರೆ ಪ್ಲಗ್ಗಿನ ಕಾಲು ಬದಲಿಸುವ ಸಣ್ಣ ಕನ್ವರ್ಟರ್ ಸಾಕು. ಬರೀ 120V ಎಂದಿದ್ದರೆ ನಮ್ಮ ಗೋಡೆಗೆ ನೇರವಾಗಿ ಸಿಕ್ಕಿಸಿದ ಕ್ಷಣವೇ ಸುಡುತ್ತದೆ.

ಕಳೆದುಹೋದ ಅಡಾಪ್ಟರಿನ ಬದಲಿಗೆ ಬೇರೆಯದನ್ನು ಕೊಳ್ಳುವಾಗ ಮೂರು ವಿಷಯ ಹೊಂದಬೇಕು. ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪ್ಲಗ್ಗಿನ ಒಳಗೆ ಪ್ಲಸ್ ಮತ್ತು ಮೈನಸ್ ಇರುವ ಜಾಗ ಒಂದೇ ಆಗಿರಬೇಕು. ಪ್ಲಗ್ ಕೂರುತ್ತದೆಂದು ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಾಕುವವರಿದ್ದಾರೆ. ಆಗ ವೀಲ್ ಕೆಲವೊಮ್ಮೆ ತಿರುಗಬಹುದು, ಬಲ ಕೇಳಿದಾಗ ಕೈಕೊಡುತ್ತದೆ.

ಮೊದಲ ಹತ್ತು ಸೆಕೆಂಡು ಹೇಳುವ ಮಾತು

ಅಡಾಪ್ಟರ್ ಮತ್ತು ಯುಎಸ್‌ಬಿ ಎರಡನ್ನೂ ಸಿಕ್ಕಿಸಿದೊಡನೆ ಜಿ29 ತಾನಾಗಿಯೇ ಒಂದು ತುದಿಯವರೆಗೆ ತಿರುಗಿ, ಇನ್ನೊಂದು ತುದಿಗೆ ಹೋಗಿ, ನಡುವಿಗೆ ಬಂದು ನಿಲ್ಲುತ್ತದೆ. ತನ್ನ ಎರಡು ಕೊನೆಗಳನ್ನು ಅಳೆದುಕೊಂಡು ನಡುವನ್ನು ಗುರುತಿಸಿಕೊಳ್ಳುವ ಕ್ರಮ ಇದು. ಬಲ ಕೊಡುವ ಹೆಚ್ಚಿನ ವೀಲ್‌ಗಳು ಯಾವುದಾದರೊಂದು ರೀತಿಯಲ್ಲಿ ಹೀಗೆ ಮಾಡುತ್ತವೆ. ಆ ಹೊತ್ತಿನಲ್ಲಿ ಕೈ ದೂರವಿರಬೇಕು, ಕಾಲು ಪೆಡಲ್ ಮೇಲಿರಬಾರದು. ಹಿಡಿದು ನಿಲ್ಲಿಸಿದರೆ ನಡು ತಪ್ಪುತ್ತದೆ, ಮುಂದೆ ಕಾರು ನೇರ ರಸ್ತೆಯಲ್ಲೂ ಒಂದು ಕಡೆಗೆ ಎಳೆಯುತ್ತದೆ.

ಈ ತಿರುಗಾಟ ನಡೆಸುವುದು ಅದೇ ಮೋಟಾರು, ಅದೇ ಅಡಾಪ್ಟರಿನ ಕರೆಂಟಿನಿಂದ. ಆಟದ ಪಾತ್ರ ಇದರಲ್ಲಿಲ್ಲ. ಹಾಗಾಗಿ ತೊಂದರೆ ಎಲ್ಲಿದೆ ಎಂಬುದನ್ನು ಇದೇ ವಿಂಗಡಿಸಿ ಕೊಡುತ್ತದೆ. ವೀಲ್ ತಿರುಗಿ ನಡುವಿಗೆ ಬಂತೆಂದರೆ ವಿದ್ಯುತ್ತು ಬರುತ್ತಿದೆ, ಮೋಟಾರು ಬದುಕಿದೆ, ಕೋನ ಅಳೆಯುವ ಭಾಗ ಸರಿಯಿದೆ; ಇನ್ನು ಹುಡುಕಬೇಕಾದದ್ದು ಕನ್ಸೋಲ್ ಮತ್ತು ಆಟದ ಕಡೆ. ತಿರುಗಲೇ ಇಲ್ಲವೆಂದರೆ ಆಟದ ಸೆಟ್ಟಿಂಗ್ ಮುಟ್ಟುವುದು ದಂಡ. ಗೋಡೆಯ ಸ್ವಿಚ್ಚು, ಅಡಾಪ್ಟರ್, ಬುಡದ ಪ್ಲಗ್ ಇವನ್ನು ನೋಡಬೇಕು. ತಿರುಗಿತು, ಆದರೆ ನಡುವಿಗೆ ಬರದೆ ಓರೆಯಾಗಿ ನಿಂತಿತು ಎಂದರೆ ಕೋನ ಅಳೆಯುವ ಭಾಗದ ಮೇಲೆ ಅನುಮಾನ. ಜಿ25, ಜಿ27 ವೀಲ್‌ಗಳಲ್ಲಿ ಮೋಟಾರಿನ ದಂಡದ ಮೇಲಿರುವ ಪುಟ್ಟ ಪ್ಲಾಸ್ಟಿಕ್ ತಟ್ಟೆ ವರ್ಷಗಳಾದ ಮೇಲೆ ಬಿರುಕುಬಿಟ್ಟು ಹೀಗಾಗುವುದು ರಿಪೇರಿ ಮಾಡುವವರಿಗೆ ಪರಿಚಿತ.

ಒಂದು ಮನೆಯ ಉದಾಹರಣೆ

ಹುಬ್ಬಳ್ಳಿಯ ಕಾಲೇಜು ಹುಡುಗನೊಬ್ಬ ಕೈಬದಲಾದ ಜಿ29 ಕೊಂಡು ತಂದಿದ್ದಾನೆ, ಮನೆಯಲ್ಲಿರುವುದು 2023ರಲ್ಲಿ ಬಂದ ತೆಳು ಮಾದರಿಯ ಪಿಎಸ್5 ಎಂದು ಇಟ್ಟುಕೊಳ್ಳೋಣ.

ಮೊದಲ ಅಡ್ಡಿ ಪೋರ್ಟ್‌ನಲ್ಲೇ. ಈ ಮಾದರಿಯ ಮುಂಭಾಗದಲ್ಲಿರುವುದು ಎರಡೂ ಟೈಪ್ ಸಿ ಪೋರ್ಟ್‌ಗಳು, ವೀಲ್‌ನ ಪ್ಲಗ್ ಅಗಲವಾದ ಟೈಪ್ ಎ. ಅದಕ್ಕೆ ಹೊಂದುವ ಪೋರ್ಟ್‌ಗಳು ಹಿಂಭಾಗದಲ್ಲಿವೆ. ನಡುವೆ ಅಗ್ಗದ ಹಬ್ ಹಾಕದೆ ನೇರವಾಗಿ ಹಿಂದಕ್ಕೇ ಸಿಕ್ಕಿಸುವುದು ಸರಿ. ಸಿಕ್ಕಿಸಿದ, ವೀಲ್ ಎರಡೂ ಕಡೆ ತಿರುಗಿ ನಡುವಿಗೆ ಬಂತು. ಆದರೆ ಪಿಎಸ್5ರಲ್ಲಿ ಯಾವ ಬಟನ್ ಒತ್ತಿದರೂ ಏನೂ ಆಗಲಿಲ್ಲ.

ವಿದ್ಯುತ್ತು ಸರಿ, ಮೋಟಾರು ಸರಿ ಎಂದು ತಿರುಗಾಟವೇ ಹೇಳಿದೆ. ಉಳಿದದ್ದು ಅನುಮತಿ. ಜಿ29ರ ಬುಡದಲ್ಲಿ PS3, PS4 ಎಂದು ಬರೆದಿರುವ ಒಂದು ಜಾರುಸ್ವಿಚ್ ಇದೆ. ಹಿಂದಿನ ಮಾಲೀಕ ಅದನ್ನು PS3 ಕಡೆಗೆ ಸರಿಸಿಟ್ಟಿದ್ದಾನೆ. ಪಿಎಸ್5ಕ್ಕೆ ಅದು PS4 ಕಡೆ ಇರಬೇಕು. ಯುಎಸ್‌ಬಿ ತೆಗೆದು, ಸ್ವಿಚ್ ಸರಿಸಿ, ಮತ್ತೆ ಸಿಕ್ಕಿಸಬೇಕು. ಶುರುವಾಗುವಾಗಲೇ ವೀಲ್ ಆ ಸ್ಥಾನವನ್ನು ಓದಿಕೊಳ್ಳುತ್ತದೆ. ಬಳಿಕ ವೀಲ್‌ನ ನಡುವಿನ ಪಿಎಸ್ ಬಟನ್ ಒತ್ತಿದರೆ ಯಾರು ಆಡುತ್ತಿದ್ದಾರೆ ಎಂದು ಕನ್ಸೋಲ್ ಕೇಳುತ್ತದೆ. ಆಟ ತೆರೆದಿರುವ ಬಳಕೆದಾರನನ್ನೇ ಇಲ್ಲಿ ಆರಿಸಬೇಕು. ತಮ್ಮನ ಹೆಸರು ಆರಿಸಿದರೆ ವೀಲ್ ತಮ್ಮನದಾಗುತ್ತದೆ, ಅಣ್ಣನ ಆಟಕ್ಕೆ ಅದು ಕಾಣುವುದಿಲ್ಲ.

ಈಗ ಮೂರೂ ಪೆಡಲ್‌ಗಳನ್ನು ಒಂದೊಂದು ಸಲ ಕೊನೆಯವರೆಗೆ ಒತ್ತಿ ಬಿಟ್ಟರೆ ಅವುಗಳ ಪೂರ್ಣ ಓಟ ವೀಲ್‌ಗೆ ತಿಳಿಯುತ್ತದೆ. ಬ್ರೇಕ್ ಪೆಡಲ್ ಗಟ್ಟಿಯೆನಿಸಿದರೆ ಹೆದರಬೇಕಿಲ್ಲ, ಅದರೊಳಗೆ ರಬ್ಬರಿನ ತುಂಡು ಇರುವುದೇ ಹಾಗೆ ಅನಿಸಲೆಂದು.

ಗ್ರ್ಯಾನ್ ಟುರಿಸ್ಮೊ 7 ತೆರೆದಾಗ ಕಾರು ಓಡಿತು, ಬಲವೂ ಬಂತು. ಒಂದೆರಡು ಸುತ್ತು ಮುಗಿಯುವಷ್ಟರಲ್ಲಿ ವೀಲ್ ಇದ್ದಕ್ಕಿದ್ದಂತೆ ಸಡಿಲವಾಯಿತು. ಆಟ ನಿಲ್ಲಲಿಲ್ಲ, ಕಾರು ಇನ್ನೂ ತಿರುಗುತ್ತಿದೆ, ಬಟನ್ ಕೆಲಸ ಮಾಡುತ್ತಿವೆ.

ಇಲ್ಲಿ ಗಮನಿಸಬೇಕಾದ ಸುಳಿವು ಆಟ ನಿಲ್ಲದಿರುವುದೇ. ಯುಎಸ್‌ಬಿ ಕಳಚಿದ್ದರೆ ಕಂಟ್ರೋಲರ್ ತಪ್ಪಿಹೋಗಿದೆ ಎಂಬ ಸೂಚನೆ ತೆರೆಯ ಮೇಲೆ ಬರುತ್ತಿತ್ತು, ಕಾರು ಕೈಗೆ ಸಿಗುತ್ತಿರಲಿಲ್ಲ. ಕಾರು ಓಡುತ್ತಿದ್ದು ಬಲ ಮಾತ್ರ ಹೋಗಿದೆ ಎಂದರೆ, ಜಿ29ರಂಥ ವೀಲ್‌ಗಳಲ್ಲಿ ಮೊದಲ ಅನುಮಾನ ಅಡಾಪ್ಟರಿನ ದಾರಿಯ ಮೇಲೆ. ಬುಡವನ್ನು ತಿರುಗಿಸಿ ನೋಡಿದರೆ ಕಾರಣ ಸಿಗುತ್ತದೆ. ಅಡಾಪ್ಟರ್, ಪೆಡಲ್, ಗೇರ್ ಈ ಮೂರರ ಸಾಕೆಟ್‌ಗಳೂ ಅಡಿಯಲ್ಲಿವೆ. ತಂತಿಗಳನ್ನು ಹಾಯಿಸಲು ಅಲ್ಲೇ ತೋಡುಗಳಿವೆ. ಹುಡುಗ ತಂತಿಯನ್ನು ತೋಡಿನೊಳಗೆ ಕೂರಿಸದೆ ಬುಡವನ್ನು ಮೇಜಿಗೆ ಬಿಗಿದಿದ್ದಾನೆ. ವೀಲ್ ಅದುರಿದಂತೆಲ್ಲ ಪ್ಲಗ್ ಎಳೆಯಲ್ಪಟ್ಟು ಅರ್ಧ ಹೊರಬಂದಿದೆ. ಪ್ಲಗ್ ಪೂರ್ತಿ ಒತ್ತಿ, ತಂತಿಯನ್ನು ತೋಡಿನಲ್ಲಿ ಕೂರಿಸಿ, ಸ್ವಲ್ಪ ಸಡಿಲ ಬಿಟ್ಟು ಮತ್ತೆ ಬಿಗಿದರೆ ತೊಂದರೆ ಮುಗಿಯಿತು.

ಎಲ್ಲ ವೀಲ್‌ಗಳಿಗೂ ಈ ಸುಳಿವು ಹೀಗೆಯೇ ಅನ್ವಯಿಸುವುದಿಲ್ಲ. ಇಡೀ ಬುಡವೇ ಗೋಡೆಯ ವಿದ್ಯುತ್ತಿನಲ್ಲಿ ನಡೆಯುವ ಮಾದರಿಗಳಲ್ಲಿ ಕರೆಂಟು ತಪ್ಪಿದರೆ ಎಲ್ಲವೂ ಒಟ್ಟಿಗೆ ಸಾಯುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300ರಂಥ ವೀಲ್‌ಗಳಲ್ಲಿ ಇನ್ನೊಂದು ಬಗೆ ಇದೆ. ಬಲ ಒಮ್ಮೆಲೇ ಹೋಗದೆ ಆಡುತ್ತ ಆಡುತ್ತ ಕುಗ್ಗುತ್ತದೆ, ಒಳಗಿನ ಫ್ಯಾನಿನ ಸದ್ದು ಏರುತ್ತದೆ. ಮೋಟಾರು ಕಾದಿದೆ ಎಂದು ಅದರ ಅರ್ಥ, ತಣಿಯಲು ಬಿಟ್ಟರೆ ಬಲ ಮರಳುತ್ತದೆ. ಗಾಳಿ ಹೋಗುವ ಕಿಂಡಿ ಗೋಡೆಗೋ ಬಟ್ಟೆಗೋ ಒತ್ತಿಕೊಂಡಿದ್ದರೆ ಇದು ಬೇಗ ಆಗುತ್ತದೆ.

ಮೂರನೆಯದು: ಆಟ ಹೇಳುತ್ತಿದೆಯೇ?

ವೀಲ್ ಸರಿಯಾಗಿ ತಿರುಗಿ ನಿಂತಿದೆ, ಕನ್ಸೋಲ್ ಒಪ್ಪಿದೆ, ಆದರೂ ಮೊದಲಿನಿಂದಲೇ ಬಲವಿಲ್ಲ ಎಂದರೆ ಆಟದ ಸರದಿ. ಆಟ ತೆರೆದ ಮೇಲೆ ವೀಲ್ ಸಿಕ್ಕಿಸಿದರೆ ಕೆಲವು ಆಟಗಳು ಅದನ್ನು ಅರ್ಧಂಬರ್ಧ ಗುರುತಿಸುತ್ತವೆ. ಕನ್ಸೋಲನ್ನು ರೆಸ್ಟ್ ಮೋಡ್‌ನಿಂದ ಎಬ್ಬಿಸಿದಾಗಲೂ ಹೀಗಾಗುವುದುಂಟು. ಆಟವನ್ನು ಪೂರ್ತಿ ಮುಚ್ಚಿ, ವೀಲ್ ಕಳಚಿ ಮತ್ತೆ ಸಿಕ್ಕಿಸಿ, ಅದು ತಿರುಗಿ ನಿಂತ ಮೇಲೆ ಆಟ ತೆರೆಯುವುದು ಮೊದಲು ಮಾಡಬೇಕಾದ ಕೆಲಸ. ಪರೀಕ್ಷೆ ಕಾರು ಓಡುವಾಗ ನಡೆಯಬೇಕು. ಮೆನುವಿನಲ್ಲಿ ವೀಲ್ ಸಡಿಲವಾಗಿರುವುದು ಎಷ್ಟೋ ಆಟಗಳಲ್ಲಿ ಸಹಜ. ವೀಲನ್ನು ಬೆಂಬಲಿಸದ ಆಟಗಳೂ ಇವೆ, ಅವುಗಳಲ್ಲಿ ಯಾವ ಸೆಟ್ಟಿಂಗಿನಿಂದಲೂ ಬಲ ಬರುವುದಿಲ್ಲ.

ಗ್ರ್ಯಾನ್ ಟುರಿಸ್ಮೊ 7ರ ಕಂಟ್ರೋಲರ್ ಸೆಟ್ಟಿಂಗ್‌ಗಳಲ್ಲಿ Force Feedback Max. Torque ಮತ್ತು Force Feedback Sensitivity ಎಂಬ ಎರಡು ಅಂಕಗಳಿವೆ, ಎರಡೂ 1ರಿಂದ 10ರವರೆಗೆ. ಮೊದಲನೆಯದು ಒಟ್ಟು ಬಲದ ಮಟ್ಟ, ಎರಡನೆಯದು ಸಣ್ಣ ಬಲಗಳು ಎಷ್ಟು ಎದ್ದು ತಿಳಿಯಬೇಕು ಎಂಬುದು. ಮೊದಲನೆಯದು 1ರಲ್ಲಿದ್ದರೆ ಹಲ್ಲುಚಕ್ರದ ವೀಲ್ ಬಹುತೇಕ ಸತ್ತಂತೆಯೇ ಅನಿಸುತ್ತದೆ.

ಹಾಗೆಂದು ಎಲ್ಲವನ್ನೂ ಕೊನೆಗೆ ಏರಿಸುವುದು ಇನ್ನೊಂದು ತಪ್ಪು. ಬಲ ಇದೆ, ಆದರೆ ಬರೀ ಭಾರ, ರಸ್ತೆಯೇ ತಿಳಿಯುವುದಿಲ್ಲ ಎಂಬ ದೂರು ಇಲ್ಲಿ ಹುಟ್ಟುತ್ತದೆ. ವೀಲ್‌ನ ಪೂರ್ಣ ಸಾಮರ್ಥ್ಯವನ್ನು 100 ಎಂದುಕೊಂಡರೆ, ಸರಿಯಾದ ಸೆಟ್ಟಿಂಗಿನಲ್ಲಿ ದೊಡ್ಡ ತಿರುವೊಂದು 60 ಕೇಳುತ್ತದೆ, ಆ ತಿರುವಿನಲ್ಲೇ ಅಂಚಿನ ಪಟ್ಟಿ ತಗುಲಿದರೆ ಇನ್ನೂ 30 ಸೇರಿ 90 ಆಗುತ್ತದೆ. ಕೈಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬಲವನ್ನು ಇಮ್ಮಡಿ ಮಾಡಿದರೆ ತಿರುವೇ 120 ಕೇಳುತ್ತದೆ, ಪಟ್ಟಿ ಸೇರಿದರೆ 180. ವೀಲ್ ಕೊಡಬಲ್ಲದ್ದು 100 ಮಾತ್ರ, ಆದ್ದರಿಂದ ಎರಡೂ ಕಡೆ 100 ಬರುತ್ತದೆ. ಸೇರು ತುಂಬಿದ ಮೇಲೆ ಎಷ್ಟು ಅಕ್ಕಿ ಸುರಿದರೂ ಅಳತೆ ಒಂದು ಸೇರೇ. ಟೈರು ಹಿಡಿತ ಕಳೆದುಕೊಳ್ಳುವ ಕ್ಷಣವೂ ಇದರಲ್ಲೇ ಮುಳುಗಿಹೋಗುತ್ತದೆ. ಆಟಗಾರರು ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಒಂದೇ ವೇಗದ ತಿರುವನ್ನು ಮತ್ತೆ ಮತ್ತೆ ಹಾದು, ಅಂಚಿನ ಪಟ್ಟಿ ಬೇರೆಯಾಗಿ ತಿಳಿಯುವವರೆಗೆ ಒಂದೊಂದೇ ಅಂಕ ಇಳಿಸುತ್ತ ಬಂದರೆ ಸರಿಯಾದ ಜಾಗ ಸಿಗುತ್ತದೆ.

ಇನ್ನೊಂದು ಸಂಗತಿ ಕನ್ಸೋಲ್ ಮಾತ್ರ ಇರುವವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಹೊಸ ಆಟ ಅಥವಾ ಹೊಸ ಕನ್ಸೋಲಿಗೆ ಹೊಂದಲು ವೀಲ್‌ನೊಳಗಿನ ಫರ್ಮ್‌ವೇರ್ ಬದಲಾಗಬೇಕಾಗಬಹುದು. ಅದನ್ನು ಮಾಡುವ ತಂತ್ರಾಂಶಗಳು, ಲಾಜಿಟೆಕ್‌ನ ಜಿ ಹಬ್ ಆಗಲಿ ಥ್ರಸ್ಟ್‌ಮಾಸ್ಟರ್, ಫನಾಟೆಕ್‌ಗಳವೇ ಆಗಲಿ, ಕಂಪ್ಯೂಟರಿನಲ್ಲಿ ನಡೆಯುವಂಥವು. ಗೆಳೆಯರ ವಿಂಡೋಸ್ ಲ್ಯಾಪ್‌ಟಾಪ್ ಅರ್ಧ ಗಂಟೆ ಸಿಕ್ಕಿದರೆ ಈ ಕೆಲಸ ಮುಗಿಯುತ್ತದೆ.

ಅದೇ ಲ್ಯಾಪ್‌ಟಾಪ್ ಕೊನೆಯ ಪರೀಕ್ಷೆಗೂ ಬೇಕು. ವೀಲ್ ಸಿಕ್ಕಿಸಿ, ಕಂಪನಿಯ ತಂತ್ರಾಂಶ ಹಾಕಿ, ವಿಂಡೋಸ್‌ನ Run ಪೆಟ್ಟಿಗೆಯಲ್ಲಿ `joy.cpl` ಎಂದು ಟೈಪ್ ಮಾಡಿ ತೆರೆದು, ಪಟ್ಟಿಯಲ್ಲಿ ವೀಲನ್ನು ಆರಿಸಿ Properties ಒತ್ತಿದರೆ ವೀಲ್ ಮತ್ತು ಪ್ರತಿ ಪೆಡಲಿನ ಚಲನೆ ಪಟ್ಟಿಯಾಗಿ ಕಾಣುತ್ತದೆ. ಕಾಲು ಇಡದಿದ್ದರೂ ಬ್ರೇಕಿನ ಪಟ್ಟಿ ಕುಣಿಯುತ್ತಿದ್ದರೆ ಪೆಡಲಿನ ಒಳಗಿನ ಸೆನ್ಸರಿನಲ್ಲಿ ಧೂಳು ಕೂತಿರಬಹುದು. ಬಲ ಕೊಡುವ ಯಾವುದಾದರೂ ಆಟವನ್ನು ಅಲ್ಲಿ ಓಡಿಸಿದಾಗ ವೀಲ್ ಸರಿಯಾಗಿ ಎಳೆದರೆ ದೋಷ ಕನ್ಸೋಲ್ ಅಥವಾ ಆಟದ ಕಡೆಗಿದೆ. ಅಲ್ಲಿಯೂ ಬಲವಿಲ್ಲ, ಶುರುವಿನ ತಿರುಗಾಟವೂ ಇಲ್ಲ, ಅಡಾಪ್ಟರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ 24 ವೋಲ್ಟ್ ಬರುತ್ತಿದೆ ಎಂದಾದರೆ ಮಾತ್ರ ಬುಡದ ಒಳಗಿನ ಸರ್ಕ್ಯೂಟ್ ಅಥವಾ ಮೋಟಾರು ಕೆಟ್ಟಿದೆ ಎನ್ನಬಹುದು. ವಾರಂಟಿ ಇದ್ದರೆ ತಿರುಪು ಬಿಚ್ಚುವ ಮೊದಲೇ ಕಂಪನಿಗೆ ಬರೆಯಬೇಕು. ಬರೆಯುವಾಗ ತಿರುಗಾಟ ನಡೆಯಿತೇ ಇಲ್ಲವೇ, ಅಡಾಪ್ಟರಿನಲ್ಲಿ ಎಷ್ಟು ವೋಲ್ಟ್ ಬಂತು, ಕಂಪ್ಯೂಟರಿನಲ್ಲಿ ಏನಾಯಿತು ಎಂಬ ಮೂರು ವಿವರ ಕೊಟ್ಟರೆ, ಪ್ಲಗ್ ತೆಗೆದು ಹಾಕಿ ನೋಡಿ ಎಂಬ ಮೊದಲ ಸುತ್ತಿನ ಪತ್ರವ್ಯವಹಾರ ತಪ್ಪಿ ಬದಲಿ ಅಡಾಪ್ಟರೋ ಬದಲಿ ಬುಡವೋ ಎಂಬ ಮಾತಿಗೆ ಬೇಗ ಬರಬಹುದು.